ಲಸಿಕೆ ಚಾರ್ಟಿನಲ್ಲಿ ನೀರಿನ ಕಾಲಂ ಎಲ್ಲಿ?

ಹೊಸದಾಗಿ ಮೊಟ್ಟೆ ಕೋಳಿ ಶೆಡ್ ಕಟ್ಟಿದವರ ಮನೆಗೆ ಹೋದರೆ ಗೋಡೆ ಮೇಲೆ ಎರಡು ಕಾಗದ ಕಾಣುತ್ತವೆ. ಒಂದು ಲಸಿಕೆ ಚಾರ್ಟ್. ಫೀಡ್ ಅಂಗಡಿಯವರೋ ಮರಿ ಕೊಟ್ಟವರೋ ಪುಕ್ಕಟೆ ಕೊಟ್ಟದ್ದು, ಮೇಲೆ ಹುಂಜದ ಚಿತ್ರ, ಕೆಳಗೆ ಫೋನ್ ನಂಬರ್. ಇನ್ನೊಂದು ತರಬೇತಿಯಲ್ಲಿ ಬರೆಸಿದ ಸ್ವಚ್ಛತೆ ಪಟ್ಟಿ: ದಿನಾ ಏನು ತೊಳೆಯಬೇಕು, ವಾರಕ್ಕೊಮ್ಮೆ ಏನು ತೊಳೆಯಬೇಕು. ಎರಡೂ ಕಾಗದ ಪಕ್ಕಪಕ್ಕದಲ್ಲೇ ಇರುತ್ತವೆ. ಆದರೆ ಒಂದರಲ್ಲಿ ಬರೆದದ್ದು ಇನ್ನೊಂದಕ್ಕೆ ಗೊತ್ತಿಲ್ಲ.

ನಮ್ಮ ತಕರಾರು ಇರುವುದು ಇಲ್ಲೇ. ಲಸಿಕೆಗೆ ಒಂದು ಕ್ಯಾಲೆಂಡರ್, ಸ್ವಚ್ಛತೆಗೆ ಇನ್ನೊಂದು ಕ್ಯಾಲೆಂಡರ್ ಮಾಡಿ ರೈತರ ಕೈಗೆ ಕೊಡುವವರು ಅರ್ಧ ಕೆಲಸ ಮಾಡಿ ಪೂರ್ತಿ ಹೆಸರು ತೆಗೆದುಕೊಳ್ಳುತ್ತಿದ್ದಾರೆ. ಶನಿವಾರ ಚೆನ್ನಾಗಿ ಟ್ಯಾಂಕ್ ತೊಳೆದ ರೈತ ಭಾನುವಾರ ತಾನೇ ದುಡ್ಡು ಕೊಟ್ಟು ತಂದ ಲಸಿಕೆಯನ್ನು ತಾನೇ ಕೊಲ್ಲುತ್ತಾನೆ. ಅವನಿಗದು ಗೊತ್ತೇ ಆಗುವುದಿಲ್ಲ. ಎರಡು ತಿಂಗಳ ಮೇಲೆ ಕೋಳಿ ಕುತ್ತಿಗೆ ತಿರುಚಿಕೊಂಡು ಬೀಳತೊಡಗಿದಾಗ "ಲಸಿಕೆನೇ ಡೂಪ್ಲಿಕೇಟ್ ಕಣ್ರೀ" ಅನ್ನುತ್ತಾನೆ. ಅಂಗಡಿಯವನು "ನೀವು ಶೆಡ್ ಕ್ಲೀನ್ ಇಟ್ಕೊಂಡಿಲ್ಲ" ಅನ್ನುತ್ತಾನೆ. ಇಬ್ಬರ ಮಾತೂ ನಿಜ ಇರಲಿಕ್ಕಿಲ್ಲ.

ಹೇಗೆ ಅಂತ ನೋಡೋಣ.

ಮರಿಗಳಿಗೆ ಮೊದಲ ತಿಂಗಳು ಕೊಡುವ ಲಸೋಟಾ, ಗುಂಬೋರೋ ಲಸಿಕೆಗಳು ಜೀವಂತ ಲಸಿಕೆಗಳು. ಸೀಸೆಯೊಳಗೆ ಒಣಗಿಸಿಟ್ಟ ವೈರಸ್ ಇರುತ್ತದೆ. ಅದು ಮರಿಯ ಮೈಯೊಳಗೆ ಹೋಗಿ ಬೆಳೆಯಬೇಕು, ಆಗ ಮಾತ್ರ ಮರಿಗೆ ರೋಗ ತಡೆಯುವ ಶಕ್ತಿ ಬರುತ್ತದೆ. ಸತ್ತ ವೈರಸ್ ಕುಡಿಸಿದರೆ ನೀರು ಕುಡಿಸಿದಷ್ಟೇ. ಇನ್ನು ನಾವು ಟ್ಯಾಂಕಿಗೆ ಹಾಕುವ ಬ್ಲೀಚಿಂಗ್ ಪುಡಿ ಏನು ಮಾಡುತ್ತದೆ? ನೀರಿನಲ್ಲಿರುವ ಬ್ಯಾಕ್ಟೀರಿಯಾ, ವೈರಸ್ ಕೊಲ್ಲುತ್ತದೆ. ಯಾವುದು ರೋಗದ ವೈರಸ್, ಯಾವುದು ಲಸಿಕೆಯ ವೈರಸ್ ಅಂತ ಅದಕ್ಕೆ ಭೇದವಿಲ್ಲ. ನೀರಿನಲ್ಲಿ ಕ್ಲೋರಿನ್ ವಾಸನೆ ಮೂಗಿಗೆ ಬರುವಷ್ಟು ಇದ್ದರೆ, ಆ ನೀರಿಗೆ ಕಲಸಿದ ಲಸಿಕೆ ಕೋಳಿಯ ಬಾಯಿಗೆ ಬೀಳುವ ಮೊದಲೇ ಮುಗಿದಂತೆ.

ಹಾಗಂತ ಬ್ಲೀಚಿಂಗ್ ಬಿಡಿ ಅಂತ ನಾವು ಹೇಳುತ್ತಿಲ್ಲ. ಹಾಗೆ ಹೇಳುವ ಕೆಲವರು ಯೂಟ್ಯೂಬಿನಲ್ಲಿ ಇದ್ದಾರೆ, ಅವರ ಮಾತು ಕೇಳಬೇಡಿ. ಬೋರ್‌ವೆಲ್ ನೀರು ಎಷ್ಟೇ ತಿಳಿಯಾಗಿದ್ದರೂ ಪೈಪಿನೊಳಗೆ ಲೋಳೆ ಕಟ್ಟುತ್ತದೆ. ನಂಬಿಕೆ ಬರದಿದ್ದರೆ ನಿಪ್ಪಲ್ ಲೈನಿನ ಕೊನೆಯ ಮುಚ್ಚಳ ತೆಗೆದು ಬೆರಳು ಹಾಕಿ ನೋಡಿ. ಹೆಂಡದ ಮಡಕೆಯೊಳಗಿನ ಹಾಗೆ ಜಾರುತ್ತದೆ. ವಿಟಮಿನ್, ಬೆಲ್ಲದ ನೀರು ಲೈನಿಗೆ ಬಿಟ್ಟವರ ಪೈಪಿನಲ್ಲಿ ಇನ್ನೂ ಜಾಸ್ತಿ, ಯಾಕೆಂದರೆ ಆ ಲೋಳೆಗೂ ಸಿಹಿ ಬೇಕು. ಟ್ಯಾಂಕು ತೊಳೆಯಲೇಬೇಕು, ಲೈನು ಬಿಟ್ಟು ಹೊಡೆಸಲೇಬೇಕು. ಯಾವ ವಾರ ಮಾಡಬೇಕು ಅನ್ನುವುದರಲ್ಲಿ ತಕರಾರಿಲ್ಲ, ವಾರದ ಯಾವ ದಿನ ಅನ್ನುವುದರಲ್ಲೇ ಎಲ್ಲ ಇದೆ.

ಒಂದು ಲೆಕ್ಕ ಹಾಕೋಣ. ದಾವಣಗೆರೆ, ಹೊಸಪೇಟೆ ಕಡೆ ಹೊಸಬರು ಶುರು ಮಾಡುವಂಥ ಸಣ್ಣ ಶೆಡ್ ಅಂತ ಇಟ್ಟುಕೊಳ್ಳಿ, 2000 ಮರಿ. ಮರಿ ಗಾಡಿ ಬಂದದ್ದು ಸೋಮವಾರ. ಅದು 1ನೇ ದಿನ. ಹಾಗಾದರೆ 7ನೇ ದಿನ ಭಾನುವಾರ. 14 ಭಾನುವಾರ, 28 ಭಾನುವಾರ, 35 ಕೂಡ ಭಾನುವಾರ. ಚಾರ್ಟಿನ ಪ್ರಕಾರ 7ಕ್ಕೆ ಲಸೋಟಾ ಕಣ್ಣಿಗೆ ಹನಿ, 14ಕ್ಕೆ ಗುಂಬೋರೋ ನೀರಿನಲ್ಲಿ, 28ಕ್ಕೆ ಗುಂಬೋರೋ ಎರಡನೇ ಸಲ, 35ಕ್ಕೆ ಲಸೋಟಾ ನೀರಿನಲ್ಲಿ. (ಊರು ಊರಿಗೆ, ಮರಿಯ ತಾಯಿಯಿಂದ ಬಂದ ಶಕ್ತಿಯ ಮೇಲೆ ಎರಡು ಮೂರು ದಿನ ಹಿಂದೆ ಮುಂದೆ ಆಗುತ್ತದೆ. ಅದನ್ನು ನಿಮ್ಮ ಪಶುವೈದ್ಯರು ಹೇಳಬೇಕು, ಚಾರ್ಟ್ ಅಲ್ಲ.)

ಈಗ ನಮ್ಮ ಹಳ್ಳಿಗಳಲ್ಲಿ ಟ್ಯಾಂಕು ಯಾವತ್ತು ತೊಳೆಯುತ್ತಾರೆ? ಶನಿವಾರ ಸಂಜೆ ಅಥವಾ ಭಾನುವಾರ ಬೆಳಗ್ಗೆ. ಶಾಲೆಗೆ ಹೋಗುವ ಮಗ ಮನೆಯಲ್ಲಿರುತ್ತಾನೆ, ಒಂದು ಕೈ ಜಾಸ್ತಿ ಸಿಗುತ್ತದೆ. ಸೋಮವಾರ ಮರಿ ಬಂದ ಪ್ರತಿ ಶೆಡ್ಡಿನಲ್ಲೂ ಪ್ರತಿ ಲಸಿಕೆ ದಿನವೂ ಟ್ಯಾಂಕು ತೊಳೆದ ಮಾರನೇ ದಿನವೇ ಬೀಳುತ್ತದೆ! ಯಾರೂ ಬೇಕಂತ ಮಾಡಿದ್ದಲ್ಲ, ವಾರದ ಲೆಕ್ಕ ಹಾಗೆ ಕೂತಿದೆ. ಈ ಸಣ್ಣ ಲೆಕ್ಕವನ್ನು ಚಾರ್ಟ್ ಅಚ್ಚು ಹಾಕಿಸುವವರು ಒಂದು ಸಲ ಬೆರಳು ಮಡಚಿ ಎಣಿಸಿದ್ದರೆ ಸಾಕಿತ್ತು.

ನಾವು ಹೇಳುವುದು ಇಷ್ಟು. ಭಾನುವಾರ ಲಸಿಕೆ ಇರುವ ಶೆಡ್ಡಿನಲ್ಲಿ ಟ್ಯಾಂಕು ತೊಳೆಯುವ ದಿನ ಬುಧವಾರ ಆಗಲಿ. ಟ್ಯಾಂಕು ಖಾಲಿ ಮಾಡಿ, ಬ್ರಷ್ ಹಾಕಿ ತಿಕ್ಕಿ, ಬ್ಲೀಚಿಂಗ್ ನೀರು ತುಂಬಿಸಿ ಸ್ವಲ್ಪ ಹೊತ್ತು ಬಿಟ್ಟು, ಪೂರಾ ಹೊರಗೆ ಬಿಟ್ಟು, ಒಳ್ಳೆ ನೀರಿನಲ್ಲಿ ಎರಡು ಸಲ ತೊಳೆಯಿರಿ. ಲೈನಿನ ಕೊನೆಯ ಮುಚ್ಚಳ ತೆಗೆದು ನೀರು ತಿಳಿಯಾಗುವವರೆಗೆ ಹರಿಸಿ. ಆಮೇಲೆ ದಿನಾ ಕುಡಿಯುವ ನೀರಿಗೆ ಮಾಮೂಲಿ ಬ್ಲೀಚಿಂಗ್: 1000 ಲೀಟರ್ ಟ್ಯಾಂಕಿಗೆ ಹೊಸ ಪುಡಿ ಆದರೆ ಸುಮಾರು 10 ಗ್ರಾಂ. ಅದನ್ನು ಬಕೆಟ್ಟಿನಲ್ಲಿ ಕದಡಿ, ಸುಣ್ಣ ಕೆಳಗೆ ಕೂತ ಮೇಲೆ ಮೇಲಿನ ತಿಳಿ ಮಾತ್ರ ಟ್ಯಾಂಕಿಗೆ ಹಾಕಿ. ಸುಣ್ಣ ಸಮೇತ ಸುರಿದರೆ ನಿಪ್ಪಲ್ ಕಟ್ಟಿಕೊಳ್ಳುತ್ತದೆ. ಬಾಯಿ ತೆರೆದಿಟ್ಟ ಹಳೇ ಚೀಲದ ಪುಡಿಗೆ ಸತ್ವ ಇರುವುದಿಲ್ಲ, ಅದಕ್ಕೆ ಈ ಲೆಕ್ಕ ಹೊಂದುವುದಿಲ್ಲ.

ಶುಕ್ರವಾರ ಬೆಳಗ್ಗೆಯಿಂದ ಬ್ಲೀಚಿಂಗ್ ನಿಲ್ಲಿಸಿ. ಶುಕ್ರವಾರ, ಶನಿವಾರ ಬರೀ ಬೋರ್‌ವೆಲ್ ನೀರು. ಭಾನುವಾರ ಲಸಿಕೆ. ಸೋಮವಾರವೂ ಬರೀ ನೀರು. ಮಂಗಳವಾರ ಮತ್ತೆ ಬ್ಲೀಚಿಂಗ್ ಶುರು. ಅಂದರೆ ಲಸಿಕೆಗೆ ಎರಡು ದಿನ ಮುಂಚೆ, ಒಂದು ದಿನ ಆಮೇಲೆ ನೀರಿಗೆ ಏನೂ ಬೀಳಬಾರದು. ಏನೂ ಅಂದರೆ ಏನೂ ಇಲ್ಲ, ಔಷಧಿ ಕೂಡ ಇಲ್ಲ. ಪಂಚಾಯಿತಿ ನಲ್ಲಿ ನೀರು ಬಳಸುವವರು ಇನ್ನೊಂದು ಮಾತು ನೆನಪಿಡಿ: ಆ ನೀರಿಗೆ ನೀರುಗಂಟಿ ಬ್ಲೀಚಿಂಗ್ ಹಾಕಿರುತ್ತಾನೆ, ಯಾವತ್ತು ಎಷ್ಟು ಅಂತ ನಿಮಗೆ ಹೇಳುವುದಿಲ್ಲ. ಲಸಿಕೆ ದಿನಕ್ಕೆ ಬೇರೆ ಕಡೆಯಿಂದ ನೀರು ತನ್ನಿ.

ಇದನ್ನು ಹೇಳಿದಾಗ ಹಲವರು "ಇಷ್ಟೆಲ್ಲಾ ಯಾರು ಮಾಡ್ತಾರ್ರೀ, ಎಲ್ರೂ ಹಂಗೇ ಕುಡಿಸ್ತಾರೆ" ಅನ್ನುತ್ತಾರೆ. ಕುಡಿಸುತ್ತಾರೆ, ನಿಜ. ಸೀಸೆ ಒಡೆದು ಟ್ಯಾಂಕಿಗೆ ಸುರಿದು ಮನೆಗೆ ಹೋಗುತ್ತಾರೆ. 500 ಲೀಟರ್ ನೀರಿನಲ್ಲಿ ಎರಡು ಸೀಸೆ ಲಸಿಕೆ ಹಾಕಿದರೆ ಸಂಜೆವರೆಗೂ ಕೋಳಿ ಕುಡಿಯುತ್ತಲೇ ಇರುತ್ತವೆ. ಜೀವಂತ ಲಸಿಕೆ ನೀರಿಗೆ ಬಿದ್ದ ಮೇಲೆ ಅದರ ಆಯುಷ್ಯ ಎರಡು ಗಂಟೆ ಅಂತ ಲೆಕ್ಕ. ಮಧ್ಯಾಹ್ನದ ಬಿಸಿಲಿಗೆ ಅಷ್ಟೂ ಇಲ್ಲ. ಸಂಜೆ ಕುಡಿದ ಕೋಳಿಗೆ ಸಿಕ್ಕಿದ್ದು ಬರೀ ನೀರು.

ಹಾಗಾದರೆ ನೀರೆಷ್ಟು? ಇದಕ್ಕೊಂದು ಸುಲಭದ ಲೆಕ್ಕವಿದೆ, ಕೋಳಿ ಸಾಕುವವರೆಲ್ಲ ಬಾಯಿಪಾಠ ಮಾಡಬೇಕಾದದ್ದು. ಮರಿಯ ವಯಸ್ಸು ಎಷ್ಟು ದಿನವೋ, 1000 ಮರಿಗೆ ಅಷ್ಟು ಲೀಟರ್. 14ನೇ ದಿನ ನಮ್ಮ 2000 ಮರಿಗೆ 28 ಲೀಟರ್. 28ನೇ ದಿನ 56 ಲೀಟರ್. 35ಕ್ಕೆ 70 ಲೀಟರ್. ದೊಡ್ಡ ಕೋಳಿಯಾದರೂ 1000ಕ್ಕೆ 40 ಲೀಟರ್ ದಾಟಿಸಬೇಡಿ. ಬಿಸಿಲು ಜಾಸ್ತಿ ಇದ್ದರೆ ಹಿಂದಿನ ದಿನ ಅದೇ ಹೊತ್ತಿನಲ್ಲಿ ಎರಡು ಗಂಟೆಗೆ ಎಷ್ಟು ಕುಡಿದವು ಅಂತ ಅಳೆದು ನೋಡಿ. ಅದೇ ಸರಿಯಾದ ಲೆಕ್ಕ.

14ನೇ ದಿನದ ಬೆಳಗ್ಗೆ ಹೇಗಿರಬೇಕು ಅಂದರೆ, ಬಿಸಿಲೇರುವ ಮೊದಲು ಕುಡಿಯುವ ಬಟ್ಟಲುಗಳನ್ನೆಲ್ಲ ಎತ್ತಿ ಬರೀ ನೀರಿನಲ್ಲಿ ತೊಳೆಯಿರಿ. ಸೋಪು ಬೇಡ, ಡೆಟಾಲ್ ಅಂಥದ್ದು ಯಾವುದೂ ಬೇಡ. ಅದರ ಅಂಶ ಉಳಿದರೂ ಲಸಿಕೆ ಸಾಯುತ್ತದೆ. ಒಂದೂವರೆ ಗಂಟೆ ಮರಿಗಳಿಗೆ ನೀರು ಬಿಡಿಸಿ, ಬೇಸಿಗೆಯಾದರೆ ಒಂದು ಗಂಟೆ ಸಾಕು. ಆ ಹೊತ್ತಿನಲ್ಲಿ ಪ್ಲಾಸ್ಟಿಕ್ ಡ್ರಮ್ಮಿಗೆ 28 ಲೀಟರ್ ನೀರು ಅಳೆದು ಹಾಕಿ, 70 ಗ್ರಾಂ ಕೆನೆ ತೆಗೆದ ಹಾಲಿನ ಪುಡಿ ಕಲಸಿ. ಲೀಟರಿಗೆ ಎರಡೂವರೆ ಗ್ರಾಂ ಲೆಕ್ಕ. ನೀರಿನಲ್ಲಿ ಚೂರುಪಾರು ಕ್ಲೋರಿನ್ ಉಳಿದಿದ್ದರೆ ಈ ಹಾಲು ಅದನ್ನು ಹಿಡಿದುಕೊಳ್ಳುತ್ತದೆ. ಆದ್ದರಿಂದಲೇ ಹಾಲು ಕಲಸಿ 20 ನಿಮಿಷ ಕಾಯಬೇಕು, ಆಮೇಲೆ ಲಸಿಕೆ. ಲಸಿಕೆ ಮೊದಲು ಹಾಕಿ ಹಾಲು ಆಮೇಲೆ ಹಾಕುವವರನ್ನು ನಾವು ನೋಡಿದ್ದೇವೆ, ಅದು ಕಳ್ಳ ಹೋದ ಮೇಲೆ ಬಾಗಿಲು ಹಾಕಿದ ಹಾಗೆ.

ಸೀಸೆಯನ್ನು ಐಸ್ ಪೆಟ್ಟಿಗೆಯಿಂದ ಆಗಲೇ ತೆಗೆಯಿರಿ, ಮೊದಲೇ ತೆಗೆದಿಡಬೇಡಿ. ಸಿರಿಂಜಿನಿಂದ ಸ್ವಲ್ಪ ನೀರು ಸೀಸೆಯ ರಬ್ಬರ್ ಮುಚ್ಚಳಕ್ಕೆ ಚುಚ್ಚಿದರೆ ಅದು ತಾನೇ ಎಳೆದುಕೊಳ್ಳಬೇಕು. ಎಳೆದುಕೊಳ್ಳದಿದ್ದರೆ ಒಳಗೆ ಗಾಳಿ ಹೊಕ್ಕಿದೆ ಅಂತ ಅರ್ಥ, ಆ ಸೀಸೆ ಕೆಲಸಕ್ಕೆ ಬರುವುದಿಲ್ಲ. ಲಸಿಕೆ ನಿಜಕ್ಕೂ ಕೆಟ್ಟಿರುತ್ತದೆ ಅನ್ನುವ ರೈತರ ದೂರಿನಲ್ಲಿ ಸತ್ಯ ಇರುವುದು ಈ ಜಾಗದಲ್ಲಿ. ಜಿಲ್ಲಾ ಕೇಂದ್ರದಿಂದ ಬಸ್ಸಿನಲ್ಲಿ, ಕರಗಿದ ಐಸಿನ ಪ್ಲಾಸ್ಟಿಕ್ ಕವರಿನಲ್ಲಿ, ಡ್ರೈವರ್ ಕಾಲ ಹತ್ತಿರ ಇಂಜಿನ್ ಬಿಸಿಗೆ ಕೂತು ಬಂದ ಲಸಿಕೆ ಎಷ್ಟೋ. ಅದು 2ರಿಂದ 8 ಡಿಗ್ರಿಯೊಳಗೆ ಇರಬೇಕಾದ ವಸ್ತು. ಕವರ್ ಬಿಚ್ಚಿದಾಗ ಐಸ್ ಗಟ್ಟಿ ಇಲ್ಲದಿದ್ದರೆ ತಗೊಳ್ಳಬೇಡಿ. ಫೋಟೋ ತೆಗೆದು ವಾಪಸ್ ಕೊಡಿ. ಮುಖ ನೋಡಿ ಸುಮ್ಮನಾದರೆ ನಷ್ಟ ನಿಮ್ಮದು.

ಕುಡಿದವೋ ಇಲ್ಲವೋ ತಿಳಿಯುವುದು ಹೇಗೆ? ಲಸಿಕೆ ನೀರಿಗೆ ಹಾಕುವ ನೀಲಿ ಬಣ್ಣದ ಮಾತ್ರೆ ಸಿಗುತ್ತದೆ. ಅದು ಹಾಲಿನ ಪುಡಿಯ ಜೊತೆಗೆ ಹೋಗುತ್ತದೆ. ನೀರು ಕೊಟ್ಟು ಎರಡು ಗಂಟೆಯಾದ ಮೇಲೆ ಶೆಡ್ಡಿನ ನಾಲ್ಕು ಮೂಲೆ, ನಡು, ಎಲ್ಲ ಕಡೆಯಿಂದ ಒಟ್ಟು 50 ಮರಿ ಹಿಡಿದು ನಾಲಿಗೆ ನೋಡಿ, ಕುತ್ತಿಗೆ ಬುಡದ ಚೀಲ ನೋಡಿ. 50ರಲ್ಲಿ 45ಕ್ಕಿಂತ ಹೆಚ್ಚು ನೀಲಿ ಇದ್ದರೆ ಸರಿ. 30ಕ್ಕೆ ಮಾತ್ರ ನೀಲಿ ಇದ್ದರೆ ಬಟ್ಟಲು ಸಾಲದೆ ಬಂದಿದೆ, ಅಥವಾ ಬಲವಾದ ಮರಿಗಳು ಕುಡಿದು ಸೊರಗಿದವು ಬಾಯಾರಿ ನಿಂತಿವೆ. ಆ ಸೊರಗಿದ ಮರಿಯೇ ನಾಳೆ ರೋಗ ತರುವುದು. ಬಟ್ಟಲು ಹೆಚ್ಚಿಸಿ. ಮತ್ತೆ ಕೊಡಬೇಕೋ ಅಂತ ವೈದ್ಯರಿಗೆ ಅವತ್ತೇ ಫೋನ್ ಮಾಡಿ ಕೇಳಿ.

7ನೇ ದಿನದ ಕಣ್ಣಿನ ಹನಿಗೆ ಈ ನೀರಿನ ಗೋಳಿಲ್ಲ. ಒಂದೊಂದೇ ಮರಿ ಹಿಡಿದು ಒಂದು ಹನಿ ಬಿಟ್ಟು, ಅದು ಕಣ್ಣು ಮಿಟುಕಿಸಿ ಹನಿ ಒಳಗೆ ಹೋದ ಮೇಲೆ ಬಿಡಬೇಕು. ಎರಡು ಸೀಸೆಯನ್ನೂ ಒಟ್ಟಿಗೆ ಕಲಸಬೇಡಿ, ಒಂದು ಮುಗಿದ ಮೇಲೆ ಇನ್ನೊಂದು. ಕೈ ಕಣ್ಣಿಗೆ ಮುಟ್ಟಿಸಿಕೊಂಡರೆ ನಿಮ್ಮ ಕಣ್ಣೂ ಕೆಂಪಾಗುತ್ತದೆ, ಕೆಲಸ ಮುಗಿದ ತಕ್ಷಣ ಸೋಪು ಹಾಕಿ ತೊಳೆಯಿರಿ.

ಇನ್ನು ನಮಗೆ ಹೆಚ್ಚು ಸಿಟ್ಟು ಬರಿಸುವ ಮಾತಿಗೆ ಬರೋಣ. ಅದು "ಹೊಸ ಶೆಡ್ ತಾನೇ, ಇದರಲ್ಲೇನು ರೋಗ" ಅನ್ನುವುದು.

ಶೆಡ್ಡಿನ ಸಿಮೆಂಟ್ ಹೊಸದು, ತಗಡು ಹೊಸದು. ಆದರೆ ಕೇಜುಗಳು? ನಷ್ಟವಾಗಿ ಮುಚ್ಚಿದ ಫಾರಂನಿಂದ ಅರ್ಧ ಬೆಲೆಗೆ ತಂದದ್ದು ಎಷ್ಟೋ ಕಡೆ. ಬಟ್ಟಲುಗಳು ಭಾವನ ಫಾರಂನವು. ಕೆಲಸದವನು ಬೆಳಗ್ಗೆ ಪಕ್ಕದ ಹಳೇ ಶೆಡ್ಡಿನಲ್ಲಿ ಮೊಟ್ಟೆ ಎತ್ತಿ ಅದೇ ಚಪ್ಪಲಿಯಲ್ಲಿ ಇಲ್ಲಿ ಮರಿಗೆ ಮೇವು ಹಾಕುತ್ತಾನೆ. ಗುಂಬೋರೋ ವೈರಸ್ ಹಳೇ ಹಿಕ್ಕೆ, ದೂಳಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ, ಸುಲಭಕ್ಕೆ ಸಾಯುವ ಜಾತಿಯಲ್ಲ. ಮ್ಯಾರೆಕ್ಸ್ ರೋಗದ ವೈರಸ್ ದೊಡ್ಡ ಕೋಳಿಯ ರೆಕ್ಕೆಪುಕ್ಕದ ಬುಡದಿಂದ ಉದುರುವ ದೂಳಿನಲ್ಲಿ ಗಾಳಿಗೆ ಹಾರುತ್ತದೆ.

ಮ್ಯಾರೆಕ್ಸ್ ಲಸಿಕೆ ಮರಿ ಹುಟ್ಟಿದ ದಿನವೇ ಹ್ಯಾಚರಿಯಲ್ಲಿ ಹಾಕಿ ಕಳಿಸುತ್ತಾರೆ. ಅದನ್ನು ಹಾಕಿದ್ದಾರೋ ಇಲ್ಲವೋ, ಬ್ಯಾಚ್ ನಂಬರ್ ಎಷ್ಟು ಅಂತ ಬಿಲ್ಲಿನ ಮೇಲೆ ಬರೆಸಿಕೊಳ್ಳುವ ಹಕ್ಕು ನಿಮಗಿದೆ, ಬರೆಸಿಕೊಳ್ಳಿ. ಆದರೆ ಹಾಕಿದ ದಿನವೇ ಅದು ಕೆಲಸ ಮಾಡುವುದಿಲ್ಲ. ಶಕ್ತಿ ಬರಲು ಒಂದು ವಾರವಾದರೂ ಬೇಕು. ಆ ಒಂದು ವಾರದಲ್ಲಿ ಹಳೇ ಶೆಡ್ಡಿನ ದೂಳು ಮರಿಯ ಮೂಗಿಗೆ ಹೋದರೆ ಲಸಿಕೆ ಸೋಲುತ್ತದೆ. ಆದರೆ ರೋಗ ಕಾಣುವುದು ಮರಿ ಮೂರು ನಾಲ್ಕು ತಿಂಗಳಾದ ಮೇಲೆ. ಒಂದು ಕಾಲು ಮುಂದೆ ಒಂದು ಕಾಲು ಹಿಂದೆ ಚಾಚಿ ಬೀಳುತ್ತದೆ, ಮೈ ಬತ್ತುತ್ತದೆ. ಅಷ್ಟು ಹೊತ್ತಿಗೆ ಮೇವಿನ ಖರ್ಚೆಲ್ಲ ಹಾಕಿ ಆಗಿರುತ್ತದೆ, ಮೊಟ್ಟೆ ಇನ್ನೂ ಒಂದೂ ಬಂದಿರುವುದಿಲ್ಲ, ಬ್ಯಾಂಕಿನ ಕಂತು ಮಾತ್ರ ಶುರುವಾಗಿರುತ್ತದೆ. ಹಾಗಾಗಿ ಮೊದಲ ವಾರದ ಸ್ವಚ್ಛತೆಯೇ ಮ್ಯಾರೆಕ್ಸ್ ಲಸಿಕೆಯ ಉಳಿದರ್ಧ. ಮರಿ ಬರುವ ಮೊದಲು ಹಳೇ ಕೇಜಿನ ಒಣಗಿದ ಹಿಕ್ಕೆ ಕೆರೆದು, ತೊಳೆದು, ಒಣಗಿಸಿ, ಆಮೇಲೆ ರೋಗನಾಶಕ ಹೊಡೆಯಿರಿ. ಹಿಕ್ಕೆಯ ಮೇಲೆ ಹೊಡೆದ ರೋಗನಾಶಕ ಹಿಕ್ಕೆಗೆ ಮಾತ್ರ ಸ್ನಾನ ಮಾಡಿಸುತ್ತದೆ. ಮರಿ ಶೆಡ್ಡಿಗೆ ಬೇರೆ ಚಪ್ಪಲಿ, ಬೇರೆ ಅಂಗಿ ಇರಲಿ, ಅದು ಶೆಡ್ಡಿನ ಬಾಗಿಲಲ್ಲೇ ಇರಲಿ. ಕೆಲಸದವನು ಒಬ್ಬನೇ ಆದರೆ ಮೊದಲು ಮರಿ, ಆಮೇಲೆ ದೊಡ್ಡ ಕೋಳಿ. ಉಲ್ಟಾ ಬೇಡ.

ಸ್ವಚ್ಛತೆ ಜಾಸ್ತಿಯಾಗಿಯೂ ಕೆಡುತ್ತದೆ ಅಂದರೆ ನಗುತ್ತೀರಿ. ಲಸೋಟಾ ಕೊಟ್ಟ ಮೂರರಿಂದ ಐದನೇ ದಿನಕ್ಕೆ ಕೆಲವು ಮರಿ ಸೀನುತ್ತವೆ, ರಾತ್ರಿ ಲೈಟ್ ಆರಿಸಿ ಸುಮ್ಮನೆ ನಿಂತರೆ ಗೊರಗೊರ ಕೇಳುತ್ತದೆ. ಇದು ಲಸಿಕೆ ಕೆಲಸ ಮಾಡುತ್ತಿರುವ ಗುರುತು, ಒಂದು ವಾರದಲ್ಲಿ ತಾನೇ ನಿಲ್ಲುತ್ತದೆ. ಆದರೆ ಅದೇ ವಾರ ನೀವು ಒಣ ಹೊಟ್ಟು ಮಗುಚಿ, ಪೊರಕೆ ಹಾಕಿ ದೂಳೆಬ್ಬಿಸಿದರೆ, ಅಥವಾ ಒದ್ದೆ ಹೊಟ್ಟು ಬಿಟ್ಟು ಅಮೋನಿಯಾ ಘಾಟು ಏಳಿಸಿದರೆ, ಲಸಿಕೆಯಿಂದ ಕೆಂಪಾದ ಗಂಟಲಿಗೆ ಬ್ಯಾಕ್ಟೀರಿಯಾ ಇಳಿಯುತ್ತದೆ. ಆಗ ಮರಿ ನಿಜಕ್ಕೂ ಸಾಯುತ್ತವೆ. ಲಸೋಟಾ ಆದ ವಾರ ಪೊರಕೆ ಕೆಲಸ ಇಲ್ಲ. ಒದ್ದೆಯಾದ ಹೊಟ್ಟನ್ನು ಮಾತ್ರ ಮೆಲ್ಲಗೆ ಎತ್ತಿ ಹೊಸದು ಹಾಕಿ. ಘಾಟು ಇದೆಯೋ ಅಂತ ನಿಂತು ಮೂಸಬೇಡಿ, ಮರಿಯ ಎತ್ತರಕ್ಕೆ ಕುಕ್ಕರಗಾಲಲ್ಲಿ ಕೂತು ನೋಡಿ. ನಿಮ್ಮ ಕಣ್ಣು ಉರಿದರೆ ಪರದೆ ಇಳಿಸಿ, ಗಾಳಿ ಬರಲಿ.

ಈ ಗೊರಗೊರ ಕೇಳಿದ ರೈತ ಅಂಗಡಿಗೆ ಫೋನ್ ಮಾಡುತ್ತಾನೆ. ಅಂಗಡಿಯವನು ಕೋಳಿ ನೋಡದೆ ಐದು ದಿನದ ಆಂಟಿಬಯಾಟಿಕ್ ಕೊಡುತ್ತಾನೆ. ಐದು ದಿನದಲ್ಲಿ ಗೊರಗೊರ ನಿಲ್ಲುತ್ತದೆ, ಹೇಗೂ ನಿಲ್ಲುತ್ತಿತ್ತು. ಔಷಧಿಗೆ ಹೆಸರು ಬರುತ್ತದೆ. ಮುಂದಿನ ಲಸೋಟಾಕ್ಕೂ ಅದೇ ಔಷಧಿ, ಹೀಗೆ ಅದು ಲಸಿಕೆ ಚಾರ್ಟಿನ ಭಾಗವೇ ಆಗಿಬಿಡುತ್ತದೆ. ಕೆಲವು ಚಾರ್ಟಿನಲ್ಲಿ ಅಚ್ಚಾಗಿಯೇ ಬಂದಿರುವುದನ್ನು ನೋಡಿದ್ದೇವೆ. ಇದು ವ್ಯಾಪಾರ, ಲಸಿಕೆಯಲ್ಲ. ಹತ್ತು ದಿನವಾದರೂ ಗೊರಗೊರ ನಿಲ್ಲದಿದ್ದರೆ, ಮೇವು ತಿನ್ನುವುದು ಕಡಿಮೆಯಾದರೆ, ಸಾವು ಏರಿದರೆ ಸತ್ತ ಕೋಳಿಯನ್ನು ಕವರಿಗೆ ಹಾಕಿ ವೈದ್ಯರ ಹತ್ತಿರ ಒಯ್ದು ಕೊಯ್ಯಿಸಿ ನೋಡಿ. ಅಂಗಡಿ ಕೌಂಟರಿಗೆ ಅಲ್ಲ.

ಕೋಳಿ ಕೇಜಿಗೆ ಏರಿದ ಮೇಲೆ ವಾರದ ಕೆಲಸ ಬದಲಾಗುತ್ತದೆ. ಕೆಳಗೆ ಹಿಕ್ಕೆ ಬೀಳುತ್ತದೆ, ಗುಡ್ಡೆಯಾಗುತ್ತದೆ, ನೊಣ ಬರುತ್ತದೆ, ಊರವರು ಪಂಚಾಯಿತಿಗೆ ಅರ್ಜಿ ಕೊಡುತ್ತಾರೆ. ಬೇಸಿಗೆಯಲ್ಲಿ ನೊಣದ ಮೊಟ್ಟೆಯಿಂದ ನೊಣವಾಗಲು ಏಳರಿಂದ ಹತ್ತು ದಿನ ಸಾಕು. ವಾರಕ್ಕೊಮ್ಮೆ ನೋಡಬೇಕು ಅನ್ನುವ ಲೆಕ್ಕಕ್ಕೆ ಕಾರಣ ಇದೇ. ಹದಿನೈದು ದಿನಕ್ಕೊಮ್ಮೆ ನೋಡಿದರೆ ನಡುವೆ ಒಂದು ಪೀಳಿಗೆ ಹಾರಿ ಹೋಗಿರುತ್ತದೆ.

ಆದರೆ ಪೂರ್ತಿ ಹಿಕ್ಕೆ ವಾರವಾರವೂ ಬಾಚಿ ತೆಗೆಯಿರಿ ಅನ್ನುವ ಸಲಹೆಯೂ ತಪ್ಪು. ಒಣಗಿ ಗೋಪುರದಂತೆ ನಿಂತ ಹಿಕ್ಕೆಯಲ್ಲಿ ನೊಣದ ಹುಳು ಬೆಳೆಯುವುದಿಲ್ಲ, ಆ ಹುಳುವನ್ನು ತಿನ್ನುವ ಜೀರುಂಡೆಗಳು ಅಲ್ಲಿರುತ್ತವೆ. ಬಾಚಿ ತೆಗೆದ ನೆಲದ ಮೇಲೆ ಬೀಳುವ ಹಸಿ ಹಿಕ್ಕೆಯಲ್ಲಿ ನೊಣಕ್ಕೆ ಹಬ್ಬ. ಮಾಡಬೇಕಾದ್ದು ಇಷ್ಟು: ವಾರಕ್ಕೊಂದು ದಿನ ಟಾರ್ಚ್ ಹಿಡಿದು ಕೇಜಿನ ಕೆಳಗೆ ಸಾಲು ಸಾಲಾಗಿ ನಡೆಯಿರಿ. ಗುಡ್ಡೆ ಎಲ್ಲಿ ಕುಸಿದು ಗಂಜಿಯಾಗಿದೆಯೋ ಅದರ ನೇರ ಮೇಲೆ ನೋಡಿ, ಒಂದು ನಿಪ್ಪಲ್ ಸೋರುತ್ತಿರುತ್ತದೆ. ನಿಪ್ಪಲ್ ಬದಲಿಸಿ, ಆ ಗಂಜಿ ಮಾತ್ರ ಎತ್ತಿ ಹೊರಗೆ ಹಾಕಿ, ಅಲ್ಲಿ ಸುಣ್ಣ ಅಥವಾ ಒಣ ಹೊಟ್ಟು ಎರಚಿ. ಗುಡ್ಡೆಗೆಲ್ಲ ಕೀಟನಾಶಕ ಸುರಿದರೆ ಮೊದಲು ಸಾಯುವುದು ಜೀರುಂಡೆ. ನೊಣ ಎರಡು ವಾರದಲ್ಲಿ ವಾಪಸ್ ಬರುತ್ತದೆ, ಜೀರುಂಡೆ ಅಷ್ಟು ಬೇಗ ಬರುವುದಿಲ್ಲ.

ಈ ನಡಿಗೆಗೂ ಲಸಿಕೆಗೂ ಸಂಬಂಧ ಇದೆ. ಆರನೇ ವಾರದ ಹೊತ್ತಿಗೆ ಸಿಡುಬಿನ ಲಸಿಕೆ ರೆಕ್ಕೆಯ ಚರ್ಮಕ್ಕೆ ಚುಚ್ಚುತ್ತಾರೆ. ಸಿಡುಬನ್ನು ಕೋಳಿಯಿಂದ ಕೋಳಿಗೆ ಹೊತ್ತೊಯ್ಯುವುದು ಸೊಳ್ಳೆ. ಶೆಡ್ಡಿನ ಪಕ್ಕ ಟ್ಯಾಂಕು ತೊಳೆದ ನೀರು ಗುಂಡಿಯಲ್ಲಿ ನಿಂತರೆ ಸೊಳ್ಳೆಗೆ ನೀವೇ ಮನೆ ಕಟ್ಟಿ ಕೊಟ್ಟಂತೆ. ಈ ಲಸಿಕೆ ಹಿಡಿಯಿತೋ ಇಲ್ಲವೋ ಅಂತ ಕಣ್ಣಾರೆ ಕಾಣಬಹುದು: ಏಳರಿಂದ ಹತ್ತು ದಿನಕ್ಕೆ ಚುಚ್ಚಿದ ಜಾಗದಲ್ಲಿ ಸಣ್ಣ ಗಂಟು, ಹಕ್ಕಳೆ ಬರಬೇಕು. 50 ಕೋಳಿಯ ರೆಕ್ಕೆ ಬಿಡಿಸಿ ನೋಡಿ. ಹೆಚ್ಚಿನವಕ್ಕೆ ಗಂಟು ಇಲ್ಲದಿದ್ದರೆ ಲಸಿಕೆ ಹಾಕಿಸಿದ ಬಿಲ್ಲು ಇದೆ, ಲಸಿಕೆ ಇಲ್ಲ. ಯಾವ ಚಾರ್ಟಿನಲ್ಲೂ ಈ ಹತ್ತನೇ ದಿನದ ಕೆಲಸವನ್ನು ಬರೆದದ್ದು ನಮ್ಮ ಕಣ್ಣಿಗೆ ಬಿದ್ದಿಲ್ಲ.

ಎಂಟನೇ ವಾರಕ್ಕೆ ಕೊಕ್ಕರೆ ರೋಗಕ್ಕೆ ಆರ್2ಬಿ ಚುಚ್ಚುಮದ್ದು. ರಾಣಿಖೇತ್ ಅಂತ ಚಾರ್ಟಿನಲ್ಲಿ ಇರುವುದೂ ಇದೇ ಕೊಕ್ಕರೆ ರೋಗ. ಇದು ಲಸೋಟಾಕ್ಕಿಂತ ಜೋರಾದ ಲಸಿಕೆ. ಎಳೇ ಮರಿಗೆ ಹಾಕಿದರೆ ಲಸಿಕೆಯೇ ರೋಗವಾಗುತ್ತದೆ, ಮೊಟ್ಟೆ ಇಡುವ ಕೋಳಿಗೆ ಹಾಕಿದರೆ ಮೊಟ್ಟೆ ಬೀಳುತ್ತದೆ. ವಾಟ್ಸಾಪಿನಲ್ಲಿ ಬಂದ ಚಾರ್ಟ್ ನೋಡಿ "ಲಸೋಟಾ ಸಿಗಲಿಲ್ಲ, ಇದೂ ಅದೇ ರೋಗಕ್ಕೆ ತಾನೇ" ಅಂತ ಹಾಕುವವರಿಗೆ ಇದು ಗೊತ್ತಿರಲಿ. 16ನೇ ವಾರದ ಹೊತ್ತಿಗೆ, ಮೊಟ್ಟೆ ಶುರುವಾಗುವ ಮೊದಲು, ಎಣ್ಣೆಯಲ್ಲಿರುವ ಸತ್ತ ಲಸಿಕೆ ಚುಚ್ಚಬೇಕು. ಅದಕ್ಕೆ ನಿಯಮ ಬೇರೆ: ಫ್ರಿಜ್ಜಿನಲ್ಲಿ ಗಡ್ಡೆ ಕಟ್ಟಿದರೆ ಅದು ಕೆಟ್ಟಂತೆ, ಹೊರಗೆ ತೆಗೆದಿಟ್ಟು ತಣ್ಣಗಿರುವುದು ಹೋದ ಮೇಲೆ ಚುಚ್ಚಬೇಕು. ನೀರಿನ ಬ್ಲೀಚಿಂಗಿಗೂ ಅದಕ್ಕೂ ಸಂಬಂಧವಿಲ್ಲ.

ಆಮೇಲೆ ಮೊಟ್ಟೆ ಬರತೊಡಗುತ್ತದೆ, ದುಡ್ಡು ಬರತೊಡಗುತ್ತದೆ, ಚಾರ್ಟ್ ಅಲ್ಲಿಗೆ ಮುಗಿಯುತ್ತದೆ. ರೋಗ ಮಾತ್ರ ಅಲ್ಲಿಗೆ ಮುಗಿಯುವುದಿಲ್ಲ. ಮೊಟ್ಟೆ ಕೋಳಿ ಒಂದು ವರ್ಷಕ್ಕೂ ಹೆಚ್ಚು ಕಾಲ ಶೆಡ್ಡಿನಲ್ಲಿರುತ್ತದೆ. ಆರರಿಂದ ಎಂಟು ವಾರಕ್ಕೊಮ್ಮೆ ಲಸೋಟಾ ನೀರಿನಲ್ಲಿ ಕೊಡುತ್ತಲೇ ಇರಬೇಕು, ಪ್ರತಿ ಸಲವೂ ಬುಧವಾರ ಟ್ಯಾಂಕು, ಶುಕ್ರವಾರದಿಂದ ಬರೀ ನೀರು, ಭಾನುವಾರ ಲಸಿಕೆ. ದೊಡ್ಡ ಕೋಳಿಗೆ ನಿಪ್ಪಲ್ ಲೈನಿನಲ್ಲೇ ಕೊಡಬೇಕಾಗುತ್ತದೆ, ಆಗ ಲಸಿಕೆ ನೀರು ಲೈನಿನ ಕೊನೆವರೆಗೆ ತಲುಪಿತೋ ಅಂತ ಕೊನೆಯ ಮುಚ್ಚಳ ತೆಗೆದು ನೀಲಿ ಕಾಣುವವರೆಗೆ ಬಿಡಿ. ಇಲ್ಲದಿದ್ದರೆ ಕೊನೆಯ ಕೇಜಿನವಕ್ಕೆ ಲೈನಿನಲ್ಲಿದ್ದ ಹಳೇ ನೀರೇ ಗತಿ.

ನಮ್ಮ ಬೇಡಿಕೆ ಚಿಕ್ಕದು. ಚಾರ್ಟ್ ಅಚ್ಚು ಹಾಕಿಸುವ ಅಂಗಡಿಯವರು, ತರಬೇತಿ ಕೊಡುವ ಕೇಂದ್ರಗಳು, ಪಶು ಆಸ್ಪತ್ರೆಗಳು ಪ್ರತಿ ಲಸಿಕೆಯ ಮುಂದೆ ಮೂರು ಕಾಲಂ ಸೇರಿಸಲಿ: ಬ್ಲೀಚಿಂಗ್ ಯಾವತ್ತು ನಿಲ್ಲಿಸಬೇಕು, ನೀರೆಷ್ಟು, ಹಿಡಿಯಿತೋ ಅಂತ ಯಾವತ್ತು ನೋಡಬೇಕು. ದಿನದ ಸಂಖ್ಯೆಯ ಪಕ್ಕ ವಾರದ ಹೆಸರು ಬರೆಯಲು ಖಾಲಿ ಜಾಗ ಬಿಡಲಿ. ಕೊಡದಿದ್ದರೆ ನೀವೇ ಪೆನ್ನು ಹಿಡಿದು ಗೆರೆ ಎಳೆಯಿರಿ. ಮರಿ ಬುಕ್ ಮಾಡುವಾಗ ಗಾಡಿ ಯಾವ ವಾರ ಬರುತ್ತದೆ ಅಂತ ಮೊದಲೇ ಕೇಳಿ. ಗುರುವಾರ ಬಂದರೆ 7, 14, 28, 35 ಎಲ್ಲವೂ ಬುಧವಾರಕ್ಕೆ ಬೀಳುತ್ತವೆ, ಆಗ ಟ್ಯಾಂಕು ತೊಳೆಯಲು ಶನಿವಾರವೇ ಸರಿ, ಸೋಮವಾರ ಬೆಳಗ್ಗೆಯಿಂದ ಬ್ಲೀಚಿಂಗ್ ಬಂದ್. ಮಗನೂ ಮನೆಯಲ್ಲಿರುತ್ತಾನೆ.